ಹತ್ತು ನಿಮಿಷದ ವರದಿ

ಭೀಮಬಾಯಿ ಲ್ಯಾಬಿನ ಬಾಗಿಲಲ್ಲಿ ಚಪ್ಪಲಿ ಬಿಡಲಿಲ್ಲ. ಬಿಡಬೇಕೆಂದು ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು. ಅದನ್ನು ಓದಿಯೇ ಒಳಗೆ ಬಂದಳು. ಔರಾದಿನಿಂದ ಬೀದರಿನವರೆಗೆ ಬಸ್ಸಿನಲ್ಲಿ ನಿಂತೇ ಬಂದವಳು, ಬಸ್‌ಸ್ಟ್ಯಾಂಡಿನಿಂದ ಕಾಲೇಜಿನವರೆಗೆ ಬಿಸಿಲಲ್ಲಿ ನಡೆದು ಬಂದವಳು. ಕೈಯಲ್ಲಿ ಮಡಚಿ ಮಡಚಿ ಹರಿಯಲು ಬಂದ ಒಂದು ಜೆರಾಕ್ಸ್ ಹಾಳೆ.

"ಶಾಲುಬಾಯಿ ಕಾಶೀರಾಮ ಅಂದ್ರ ಯಾರ್ರಿ ಇಲ್ಲಿ?"

ಎಂ.ಟೆಕ್. ಕೊನೆಯ ವರ್ಷದ ಶಾಲುಬಾಯಿ ಕಂಪ್ಯೂಟರಿನಿಂದ ತಲೆಯೆತ್ತಿದಳು. ಅಜ್ಜಿಯ ಹೆಸರನ್ನೇ ಇಟ್ಟಿದ್ದರಿಂದ ಯಾರು ಆ ಹೆಸರು ಕರೆದರೂ ಮುದುಕಿಯೊಬ್ಬಳು ಎದ್ದು ಬರಬಹುದೆಂದು ಕಾಯುತ್ತಿದ್ದರು. ಭೀಮಬಾಯಿಯೂ ಒಂದು ಕ್ಷಣ ಹಾಗೇ ನೋಡಿದಳು. ಎದ್ದು ನಿಂತದ್ದು ಇಪ್ಪತ್ಮೂರರ ಹುಡುಗಿ ಎಂದು ಗೊತ್ತಾದ ಮೇಲೆ ಅವಳ ಸಿಟ್ಟು ಇನ್ನೂ ಏರಿತು.

"ನಾ ಧೊಂಡಿಬಾನ ಹೆಂಡತಿ. ನೀವು ಬರ್ದಿದ್ದು ನೀವೇ ಓದಿ ಹೇಳ್ರಿ. ನಮ್ಮೂರಾಗ ಎಲ್ಲಾರೂ ಓದ್ಯಾರ. ನಿಮ್ಮ ಬಾಯಾಗ ಕೇಳ್ಬೇಕಾಗ್ಯದ."

ಹಾಳೆ ಕೀಬೋರ್ಡಿನ ಮೇಲೆ ಬಿತ್ತು. ಶಾಲುಬಾಯಿಗೆ ಓದುವ ಅಗತ್ಯವೇ ಇರಲಿಲ್ಲ. ಮೂರು ವಾರದ ಹಿಂದೆ ಅವಳೇ ಟೈಪು ಮಾಡಿದ ಸಾಲು: 'ಸದರಿ ತಂತ್ರಾಂಶವನ್ನು ಪ್ರತ್ಯೇಕ ಪರಿಸರದಲ್ಲಿ ಚಲಾಯಿಸಿ ಪರೀಕ್ಷಿಸಲಾಗಿ, ಯಾವುದೇ ಹಾನಿಕಾರಕ ಚಟುವಟಿಕೆ ಕಂಡುಬಂದಿರುವುದಿಲ್ಲ.' ಕೆಳಗೆ ಅವಳ ಸಹಿ, ಅದರ ಕೆಳಗೆ ಲ್ಯಾಬಿನ ಮುಖ್ಯಸ್ಥ ರಶೀದ ಅಹ್ಮದರ ಸಹಿ ಮತ್ತು ಕಾಲೇಜಿನ ಮೊಹರು.

ಧೊಂಡಿಬಾ ಚಿಂತಾಕಿಯ ಆಚೆಗಿನ ಒಂದು ಪಂಚಾಯಿತಿಯಲ್ಲಿ ಕಂಪ್ಯೂಟರ್ ಆಪರೇಟರ್. ಎರಡು ಸಾವಿರದ ಹದಿನಾರರ ಆ ಬೇಸಗೆಯಲ್ಲಿ ಬಾವಿಗಳ ತಳ ಕಾಣುತ್ತಿತ್ತು, ಟ್ಯಾಂಕರು ಬಂದ ದಿನವೇ ಹಬ್ಬ. ಊರಿನವರಿಗೆ ಉಳಿದಿದ್ದ ಒಂದೇ ದಾರಿ ಸರ್ಕಾರದ ಉದ್ಯೋಗ ಖಾತ್ರಿ ಕೆಲಸ, ಕೆರೆಯ ಹೂಳು ತೆಗೆಯುವುದು. ಕೆಲಸ ಬೇಕೆಂದು ಅರ್ಜಿ ಕೊಟ್ಟ ನೂರ ಹದಿನಾಲ್ಕು ಮನೆಗಳ ಹೆಸರನ್ನು ಧೊಂಡಿಬಾ ಕಂಪ್ಯೂಟರಿಗೆ ಏರಿಸಿದ್ದ. ಒಂದು ಭಾನುವಾರ ಆ ಹೆಸರುಗಳೆಲ್ಲ ಅಳಿಸಿಹೋದವು. ಅವುಗಳ ಜಾಗದಲ್ಲಿ ಯಾರೂ ಕೇಳರಿಯದ ಹೆಸರುಗಳು ಬಂದು ಕೂತವು. ಅಳಿಸಿದ್ದು ಧೊಂಡಿಬಾನ ಪಾಸ್‌ವರ್ಡಿನಿಂದ. ಅವನೊಬ್ಬನಿಗೇ ಗೊತ್ತಿದ್ದ ಪಾಸ್‌ವರ್ಡು. 'ಹೊಸ ಫಾಂಟಿನ ತಂತ್ರಾಂಶ ಹಾಕಿಕೊಂಡ ಮೇಲೆಯೇ ಹೀಗಾಯಿತು' ಎಂದು ಅವನು ಬಾಯಿ ಬಡಿದುಕೊಂಡ. ಪೊಲೀಸರು ಆ ಫೈಲನ್ನು ಸಿ.ಡಿ.ಗೆ ಹಾಕಿ, ಒಂದು ಅಭಿಪ್ರಾಯ ಕೊಡಿ ಎಂದು ಬೀದರಿನ ಈ ಕಾಲೇಜಿಗೆ ಕಳಿಸಿದರು. ರಶೀದ ಅಹ್ಮದ ಅದನ್ನು ಶಾಲುಬಾಯಿಯ ಕೈಗಿಟ್ಟರು.

"ಏನೂ ಕಂಡಿಲ್ಲ ಅಂತ ಬರ್ದೀರಿ. ಎಷ್ಟೊತ್ತು ನೋಡಿದ್ರಿ?" ಭೀಮಬಾಯಿ ಕೇಳಿದಳು.

"ಹತ್ತು ನಿಮಿಷ."

"ಹತ್ತೇ ನಿಮಿಷ?"

"ಫೈಲ್ ಓಡ್ಸಿ ನೋಡಿದ್ದು ಹತ್ತು ನಿಮಿಷ ರೀ. ಅದಕ್ಕಿಂತ ಮೊದ್ಲು ಬ್ಯಾರೆ ಪರೀಕ್ಷಾನೂ ಮಾಡೇನಿ."

"ನಿಮ್ಮ ಕಾಗದ ಬರೂತನಕ ತಾಲೂಕಿನ ಸಾಹೇಬ್ರು ಏನಂದಿದ್ರು ಗೊತ್ತೇನು? ಕಂಪ್ಯೂಟರಾಗ ಯಾರರೆ ಹೊಕ್ಕಿದ್ದು ಖರೆ ಆದ್ರ ಅವತ್ತಿಂದವತ್ತೇ ಹಳೀ ಹೆಸರು ತಿರುಗಿ ಹಾಕ್ತೀವಿ ಅಂದಿದ್ರು. ಕಾಗದ ಬಂತು. ಆಪರೇಟರನೇ ಮಾಡ್ಯಾನ, ವಿಚಾರಣಿ ಮುಗಿಯೂತನಕ ಏನೂ ಮುಟ್ಟಂಗಿಲ್ಲ ಅಂದ್ರು. ಮರುದಿನಾನೇ ಮಂದಿ ಗಂಟು ಕಟ್ಟಿದ್ರು. ನನ್ನ ಖಾಸ ಅಣ್ಣ ಹಣಮಂತಪ್ಪ, ಸಾಲಿ ಕಲಿಯೋ ಮಗಳ್ನ ಬಿಡ್ಸಿ ಕರ್ಕೊಂಡು ಹೈದರಾಬಾದಿಗಿ ಹೋದ. ಹೋಗೂ ಮುಂದ ನಮ್ಮ ಹೊಸ್ತಿಲಿಗಿ ಉಗುಳಿ ಹೋದ. ಹೆಸರು ಮಾರ್ಕೊಂಡವರ ಮನಿ ಅಂತ."

ಶಾಲುಬಾಯಿಗೆ ಮೈ ಉರಿಯಿತು. ತಪ್ಪು ತನ್ನದಲ್ಲ, ಪರೀಕ್ಷೆ ನಿಯಮದಂತೆ ಆಗಿದೆ, ಈ ಹೆಂಗಸಿಗೆ ಇದರ ತಲೆಬುಡ ಗೊತ್ತಿಲ್ಲ. ಅವಳೂ ದನಿ ಏರಿಸಿದಳು. "ನೋಡ್ರಿ ಅಕ್ಕಾ, ಸುಮ್ಮ ಬರ್ದಿಲ್ಲ ನಾ. ಇದೊಂದು ಕಂಪ್ಯೂಟರದಾಗ ಇನ್ನೊಂದು ಸುಳ್ಳು ಕಂಪ್ಯೂಟರ್ ಮಾಡ್ತೀವಿ. ಹೊರಗಿನ ಇಂಟರ್‌ನೆಟ್ ಕಡದು, ಸುಳ್ಳು ಇಂಟರ್‌ನೆಟ್ ಕೊಡ್ತೀವಿ. ಅಲ್ಲಿ ಫೈಲ್ ಬಿಟ್ಟು ಅದು ಏನ್ ಮುಟ್ಟತದ, ಏನ್ ಬರೀತದ, ಎಲ್ಲಿಗಿ ಮಾತಾಡ್ತದ ಎಲ್ಲಾ ದಾಖಲ್ ಮಾಡ್ತೀವಿ. ಅದು ಏನೂ ಮಾಡ್ಲಿಲ್ಲ. ಹೊಸಾ, ಸ್ವಚ್ಛ ಕಂಪ್ಯೂಟರದಾಗ—"

"ಹೊಸಾದು? ಏನೂ ಇಲ್ಲದ್ದು?"

"ಹೂಂ. ಸ್ವಚ್ಛ ಇರ್ಬೇಕು ಅದು."

ಭೀಮಬಾಯಿ ನಕ್ಕಳು. ಬೈದಿದ್ದರೆ ವಾಸಿಯಿತ್ತು. "ನಾವು ಕುರಿ ಕಾಯೋರು ತಂಗಿ. ತೋಳ ಬರ್ತದೇನು ನೋಡ್ಲಾಕ ಖಾಲಿ ಹಟ್ಟಿ ಕಟ್ಟಿ ಕುಂದ್ರಂಗಿಲ್ಲ. ಒಂದ್ ಕುರೀನೂ ಕಟ್ಟಿಲ್ಲ ನೀವು. ಹತ್ತು ನಿಮಿಷ ಕುಂತು, ತೋಳ ಇಲ್ಲ ಅಂತ ಮೊಹರು ಹೊಡದ್ರಿ. ನನ್ನ ಗಂಡಗ ಅಮಾನತ್ ಮಾಡ್ಯಾರ. ಶುಕ್ರವಾರ ಔರಾದದಾಗ ವಿಚಾರಣಿ ಅದ. ಅವತ್ತು ಅವನ್ನ ನೌಕ್ರಿಯಿಂದ ತೆಗೀತಾರ, ಕೇಸೂ ಹಾಕ್ತಾರ."

ಹಾಳೆಯನ್ನು ಅಲ್ಲೇ ಬಿಟ್ಟು ಹೋದಳು. ನೀರು ಕುಡಿಯಿರಿ ಎಂದದ್ದಕ್ಕೆ ತಿರುಗಿಯೂ ನೋಡಲಿಲ್ಲ.

ಅವತ್ತು ಮಂಗಳವಾರ. ಶಾಲುಬಾಯಿ ಅರ್ಧ ತಾಸು ಸುಮ್ಮನೆ ಕುದಿಯುತ್ತ ಕೂತಳು. ಮೊದಲು ಭೀಮಬಾಯಿಯ ಮೇಲೆ ಸಿಟ್ಟು, ಆಮೇಲೆ ಪೊಲೀಸರ ಮೇಲೆ, ಕೊನೆಗೆ ಸುತ್ತಿ ಬಳಸಿ ತನ್ನ ಮೇಲೆ. ಯಾಕೆಂದರೆ ಖಾಲಿ ಹಟ್ಟಿಯ ಮಾತು ಸರಿಯಾಗಿತ್ತು. ಓಡಿಸಿ ನೋಡುವ ಪರೀಕ್ಷೆ ಹೇಳುವುದು ಇಷ್ಟೇ: ಈ ಕಂಪ್ಯೂಟರಿನಲ್ಲಿ, ಇಷ್ಟು ಹೊತ್ತಿನಲ್ಲಿ, ಈ ಫೈಲು ಇದನ್ನು ಮಾಡಿತು. ಮಾಡಲಾರದು ಎಂದು ಅದು ಯಾವತ್ತೂ ಹೇಳುವುದಿಲ್ಲ. ಮೊದಲ ಸೆಮಿಸ್ಟರಿನಲ್ಲಿಯೇ ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಅಂಕ ಎಣಿಸಿಕೊಂಡು ಮರೆತ ಪಾಠ ಅದು.

ಹಳೆಯ ಟಿಪ್ಪಣಿ ತೆಗೆದಳು. ಫೈಲನ್ನು ಓಡಿಸದೆ, ಬರೀ ಬಿಚ್ಚಿ ಓದುವ ಕೆಲಸವನ್ನು ಮೊದಲು ಮಾಡಿದ್ದಳು, ಸುಳ್ಳಲ್ಲ. ಫೈಲಿನ ಹ್ಯಾಶ್ ತೆಗೆದಿದ್ದಳು. ಅದು ಫೈಲಿನ ಹೆಬ್ಬೆಟ್ಟಿನ ಗುರುತು. ಒಳಗೆ ಒಂದೇ ಒಂದು ಅಕ್ಷರ ಬದಲಾದರೂ ಗುರುತೇ ಬೇರೆ. ಆ ಗುರುತಿನ ಫೈಲು ಯಾವ ಆಂಟಿವೈರಸ್ ಪಟ್ಟಿಯಲ್ಲೂ ಇರಲಿಲ್ಲ. ಫೈಲನ್ನು ಒತ್ತಿ ಕಟ್ಟಿದ್ದರು, ಬಿಚ್ಚಿದ್ದಳು. ಒಳಗೆ ಕೀಬೋರ್ಡಿನ ಪ್ರತಿ ಒತ್ತನ್ನೂ ನಡುವೆ ಹಿಡಿಯುವ ಏರ್ಪಾಟು ಕಂಡಿತ್ತು. ಓಡಿ ಹೋಗಿ ತೋರಿಸಿದಾಗ ರಶೀದ ಅಹ್ಮದ ನಕ್ಕು, "ಬೇಟಾ, ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಅದು. ಇಂಗ್ಲಿಷ್ ಕೀ ಹಿಡಿದೇ ಕನ್ನಡ ಅಕ್ಷರ ಮಾಡ್ಬೇಕಲ್ಲ?" ಅಂದಿದ್ದರು. ಅದೂ ಖರೆ. ಇಂಟರ್‌ನೆಟ್ಟಿನ ಒಂದು ವಿಳಾಸವಿತ್ತು. ಹೊಸ ಆವೃತ್ತಿ ಕೇಳಲು ಇರಬಹುದೆಂದು ಬಿಟ್ಟಿದ್ದಳು. ಓಡಿಸಿದ ಹತ್ತು ನಿಮಿಷದಲ್ಲಿ ಅದು ಹೊಸ ಆವೃತ್ತಿಯನ್ನು ಒಮ್ಮೆಯೂ ಕೇಳಲಿಲ್ಲವಲ್ಲ ಎಂಬ ಮಾತು ಆವತ್ತು ತಲೆಗೆ ಹೊಳೆದಿರಲಿಲ್ಲ. ಹೊಳೆಯಲು ತಲೆ ಅಲ್ಲಿದ್ದರೆ ತಾನೇ? ಮರುದಿನ ಪ್ರಾಜೆಕ್ಟಿನ ಪ್ರದರ್ಶನವಿತ್ತು.

ಫೈಲಿನೊಳಗಿನ ಮಾತುಗಳನ್ನು ಹೆಕ್ಕಿ ಕೊಡುವ ತಂತ್ರಾಂಶವೊಂದಿದೆ. ಅದು ಕೊಟ್ಟ ಪಟ್ಟಿಯಲ್ಲಿ ಅನುಮಾನದ ಮಾತು ಒಂದೂ ಇರಲಿಲ್ಲ. ಈ ಸಲ ಶಾಲುಬಾಯಿ ಆ ಪಟ್ಟಿಯನ್ನು ನಂಬಲಿಲ್ಲ. ಫೈಲಿನ ಒಂದೊಂದು ಬೈಟನ್ನೂ ಅಂಕಿಯಾಗಿ ತೋರಿಸುವ ಪರದೆ ತೆರೆದು, ಸಾಲು ಸಾಲಾಗಿ ಕೆಳಗಿಳಿಯುತ್ತ ಹೋದಳು. ಕಣ್ಣುಗಳು ಉರಿಯತೊಡಗಿದವು. ಒಂದು ಕಡೆ ನಿಂತಳು. ಒಂದು ಬಿಟ್ಟು ಒಂದು ಬೈಟು ಒಂದೇ ಇತ್ತು: 95 0C C6 0C B2 0C B8 0C A6 0C.

0C. ಕುರ್ಚಿಯನ್ನು ಮುಂದೆಳೆದುಕೊಂಡಳು. ಎಲ್ಲ ಭಾಷೆಯ ಅಕ್ಷರಗಳಿಗೂ ಅಂಕಿ ಕೊಡುವ ಯೂನಿಕೋಡಿನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಮನೆತನದ ಹೆಸರಿನ ಹಾಗೆ ಅಂಟಿಕೊಂಡಿರುವ ಗುರುತು ಅದು. ಹೆಕ್ಕುವ ತಂತ್ರಾಂಶಕ್ಕೆ ಇಂಗ್ಲಿಷ್ ಅಕ್ಷರ ಮಾತ್ರ ಅಕ್ಷರ, ಉಳಿದದ್ದು ಕಸ. ಕಸವೆಂದು ಅದು ಬಿಟ್ಟಿದ್ದನ್ನು ಕನ್ನಡದ ಹುಡುಗಿಯೂ ನೋಡದೆ ಬಿಟ್ಟಿದ್ದಳು. ಅಕ್ಷರ ಪಟ್ಟಿ ಹಿಡಿದು ಕೂಡಿಸಿದಳು. 95 ಎಂದರೆ ಕ, C6 ಅದರ ಎತ್ವ, B2 ಲ, B8 ಸ, A6 ದ. ಕೆಲಸದ. ಮುಂದಿನದೂ ಬಂತು: 'ಕೆಲಸದ ಬೇಡಿಕೆ ನೋಂದಣಿ'. ಪಂಚಾಯಿತಿಯವರು ಪಾಸ್‌ವರ್ಡು ಕೊಟ್ಟು ಹೆಸರುಗಳನ್ನು ಏರಿಸುವ ಪುಟದ ತಲೆಬರಹ.

"ಹಲ್ಕಟ್ ನನ್ಮಗನ," ಎಂದಳು ಗಟ್ಟಿಯಾಗಿ. ಪಕ್ಕದ ಸಾಲಿನ ಇಬ್ಬರು ತಿರುಗಿ ನೋಡಿದರು.

ಆ ಮಾತನ್ನು ಬಳಸುವ ಕಡೆಯ ಕೋಡನ್ನು ಬಿಚ್ಚಿ ಓದಿದಳು. ತೆರೆಯ ಮೇಲೆ ಎದುರಿಗಿರುವ ಕಿಟಕಿಯ ತಲೆಬರಹ ಏನೆಂದು ಫೈಲು ಕೇಳುತ್ತಿತ್ತು. ಅದರಲ್ಲಿ ಈ ಮೂರು ಪದ ಇಲ್ಲದಿದ್ದರೆ ಸುಮ್ಮನೆ ಫಾಂಟಿನ ಕೆಲಸ ಮಾಡಿಕೊಂಡಿರುತ್ತಿತ್ತು, ಒಳ್ಳೆಯ ಮನೆಯ ಸೊಸೆಯಂತೆ. ಇದ್ದರೆ ಒತ್ತಿದ ಕೀಗಳನ್ನೆಲ್ಲ ನೆನಪಿನಲ್ಲಿ ಕೂಡಿಡುತ್ತಿತ್ತು. ಅಲ್ಲೇ ಒಂದು ದೊಡ್ಡ ಅಂಕಿ: ಹನ್ನೆರಡು ಲಕ್ಷ ಮಿಲಿಸೆಕೆಂಡ್. ಇಪ್ಪತ್ತು ನಿಮಿಷಕ್ಕೊಮ್ಮೆ ಕೂಡಿಟ್ಟದ್ದನ್ನು ಆ ವಿಳಾಸಕ್ಕೆ ಕಳಿಸು ಎಂಬ ಲೆಕ್ಕ.

ಇಪ್ಪತ್ತು ನಿಮಿಷ. ಅವಳು ನೋಡಿದ್ದು ಹತ್ತು.

ಇಷ್ಟು ಓದಿದ್ದು ಇನ್ನೂ ಅರ್ಧವೇ ಕೆಲಸ. ಕೋಡಿನಲ್ಲಿ ಬರೆದಿದೆ ಎಂದರೆ ಮಾಡಬಲ್ಲದು ಎಂದಾಯಿತು. ಮಾಡುತ್ತದೆ ಎಂದು ತೋರಿಸಬೇಕಿತ್ತು. ಆದರೆ ಅದಕ್ಕೂ ಮೊದಲು ಅವಳ ತಲೆ ಕೊರೆಯುತ್ತಿದ್ದ ಮಾತು ಬೇರೆ. ಧೊಂಡಿಬಾ ಫೈಲು ಹಾಕುವಾಗ ಆಂಟಿವೈರಸ್ ಆಫ್ ಮಾಡಿದ್ದ, ಅದೇ ಅವನ ಕಳ್ಳತನಕ್ಕೆ ಸಾಕ್ಷಿ ಎಂದು ಪೊಲೀಸರ ಪತ್ರದಲ್ಲಿತ್ತು. ಬುಧವಾರ ಬೆಳಿಗ್ಗೆ ಭಾಲ್ಕಿ ಬಸ್ಸು ಹತ್ತಿದಳು.

ಹಲಬರ್ಗಾದವರಾದ ಅವಳ ಅಪ್ಪ ಕಾಶೀರಾಮ ಭಾಲ್ಕಿ ಬಸ್‌ಸ್ಟ್ಯಾಂಡಿನ ಎದುರು ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ಇಟ್ಟು ಹದಿನಾರು ವರ್ಷವಾಗಿತ್ತು. ಗೋಡೆಯಲ್ಲಿ ಬಾಬಾಸಾಹೇಬರ ಫೋಟೋ, ಅದರ ಕೆಳಗೆ ಮಗಳು ಬಿ.ಇ. ಪಾಸಾದ ಫೋಟೋ.

"ಅಪ್ಪಾ, ಫಾಂಟ್ ಹಾಕೂ ಮುಂದ ಆಂಟಿವೈರಸ್ ಏನ್ ಮಾಡ್ತಿ?"

"ಬಂದ್ ಮಾಡ್ತೇನಿ. ಇಲ್ಲಾಂದ್ರ ಅದು ಕನ್ನಡ ಟೈಪಿಂಗನ್ನ ವೈರಸ್ ಅಂತ ತಿಂದ್ ಬಿಡ್ತದ. ಎಲ್ಲಾರೂ ಹಂಗೇ ಮಾಡ್ತಾರ. ನೀನೇ ಹತ್ತ್ ಸಲ ಮಾಡಿಕೊಟ್ಟಿ."

ಹೌದು, ಮಾಡಿಕೊಟ್ಟಿದ್ದಳು. ಈ ಕಡೆ ಟೈಪು ಮಾಡುವ ಪ್ರತಿಯೊಬ್ಬರೂ ಮಾಡುವುದೇ ಅದು. ಅಪ್ಪ ಮಾಡಿದರೆ ಅನುಭವ, ಧೊಂಡಿಬಾ ಮಾಡಿದರೆ ಅಪರಾಧ.

"ಹಳೀ ಫಾಂಟಿನಿಂದ ಯೂನಿಕೋಡಿಗಿ ಬದಲ್ ಮಾಡೋದು ಹೊಸಾದೇನರೆ ಬಂದದೇನು?"

"ಜನವರಿದಾಗ ಒಬ್ಬಾವ ಪೆನ್‌ಡ್ರೈವ್ ಹಿಡ್ಕೊಂಡು ಅಂಗಡಿ ಅಂಗಡಿ, ಪಂಚಾಯ್ತಿ ಪಂಚಾಯ್ತಿ ತಿರುಗಿ ಪುಕ್ಕಟ ಹಾಕಿ ಹೋದ. ಛಲೋ ಅದ ಅದು. ಯಾಕ?"

ಶಾಲುಬಾಯಿ ಅಪ್ಪನ ಕುರ್ಚಿಯಲ್ಲಿ ಕೂತು ಆ ಫೈಲನ್ನು ಹುಡುಕಿ ಹ್ಯಾಶ್ ತೆಗೆದಳು. ಚೀಟಿಯಲ್ಲಿ ಬರೆದು ತಂದಿದ್ದ ಅರವತ್ತನಾಲ್ಕು ಅಕ್ಷರದ ಗುರುತಿನೊಂದಿಗೆ ಬೆರಳಿಟ್ಟು ಹೋಲಿಸಿದಳು. ಒಂದಕ್ಷರ ಆಚೀಚೆಯಿಲ್ಲ. ಅದೇ ಫೈಲು. ಮೂರು ತಿಂಗಳಿಂದ ಅಪ್ಪನ ಅಂಗಡಿಯಲ್ಲಿ ಸುಮ್ಮನೆ ಕೂತಿತ್ತು, ಅಪ್ಪ ಆ ಪುಟವನ್ನು ಯಾವತ್ತೂ ತೆರೆಯದ ಕಾರಣ.

ಕಾಶೀರಾಮರ ಮುಖ ಕೆಂಪಾಯಿತು. "ನಾ ಅವಗ ಚಾ ಕುಡ್ಸೇನಿ," ಎಂದರು. ಆಮೇಲೆ ಬಹಳ ಹೊತ್ತು ಅದನ್ನೇ ಬೇರೆ ಬೇರೆ ರೀತಿಯಲ್ಲಿ ಹೇಳಿದರು. ಅವನು ಕಮಲನಗರದ ಕಡೆಯವನಂತೆ ಮರಾಠಿ ಬೆರೆಸಿ ಮಾತಾಡುತ್ತಿದ್ದ ಎಂದೂ, ಎದುರಿಗೆ ನಿಲ್ಲಿಸಿದರೆ ಗುರುತು ಹಿಡಿಯುತ್ತೇನೆಂದೂ ಹಾಳೆಯಲ್ಲಿ ಬರೆದು ಸಹಿ ಮಾಡಿಕೊಟ್ಟರು.

ಗುರುವಾರ ಲ್ಯಾಬಿನಲ್ಲಿ ಶಾಲುಬಾಯಿ ಸುಳ್ಳು ಕಂಪ್ಯೂಟರನ್ನು ಮೊದಲಿನ ಸ್ವಚ್ಛ ಸ್ಥಿತಿಗೆ ತಿರುಗಿಸಿದಳು. ಈ ಸಲ ಅದನ್ನು ಸ್ವಚ್ಛವಾಗಿ ಬಿಡಲಿಲ್ಲ. ಅಪ್ಪನ ಅಂಗಡಿಯ ಕನ್ನಡ ಫಾಂಟುಗಳನ್ನೆಲ್ಲ ತುಂಬಿದಳು, ನಾಲ್ಕಾರು ಹಳೆಯ ಅರ್ಜಿಗಳನ್ನು ಹಾಕಿದಳು, 'ಕೆಲಸದ ಬೇಡಿಕೆ ನೋಂದಣಿ' ಎಂಬ ತಲೆಬರಹದ ಒಂದು ಸುಳ್ಳು ಪುಟ ಮಾಡಿದಳು. ಎಲ್ಲ ಸಜ್ಜಾದ ಮೇಲೆ ಆ ಸ್ಥಿತಿಯನ್ನೂ ಉಳಿಸಿಕೊಂಡಳು. ಹೊರಗಿನ ಜಾಲ ಕಡಿದಿದೆಯೇ ಎಂದು ಎರಡು ಸಲ ನೋಡಿದಳು. ಪಕ್ಕದ ಇನ್ನೊಂದು ಸುಳ್ಳು ಕಂಪ್ಯೂಟರು ಇಡೀ ಇಂಟರ್‌ನೆಟ್ಟಿನ ವೇಷ ಹಾಕಿ, ಯಾವ ವಿಳಾಸ ಕೇಳಿದರೂ 'ನಾನೇ' ಎನ್ನಲು ಸಿದ್ಧವಾಗಿ ಕೂತಿತ್ತು. ಆಮೇಲೆ ಫೈಲು ಓಡಿಸಿ, ಸುಳ್ಳು ಪುಟ ತೆರೆದು, ಹೆಸರಿನ ಜಾಗದಲ್ಲಿ dhondiba ಎಂದೂ ಪಾಸ್‌ವರ್ಡಿನ ಜಾಗದಲ್ಲಿ khalihatti114 ಎಂದೂ ಒತ್ತಿದಳು.

ರಶೀದ ಅಹ್ಮದ ಬಂದು ಹಿಂದೆ ನಿಂತರು. ಹತ್ತು ನಿಮಿಷವಾಯಿತು. ಏನೂ ಇಲ್ಲ.

"ಏನಿಲ್ಲ ಬೇಟಾ. ಅವತ್ತೂ ಇಷ್ಟೇ ಇತ್ತು."

"ಕುಂದ್ರಿ ಸರ್. ಅವತ್ತು ಇಲ್ಲಿಗೇ ಎದ್ದು ಹೋಗಿದ್ವಿ."

ಹದಿನೈದು. ಹದಿನೆಂಟು. ಇಪ್ಪತ್ತನೆಯ ನಿಮಿಷ ದಾಟಿದ ಕೂಡಲೆ ಸುಳ್ಳು ಇಂಟರ್‌ನೆಟ್ಟಿನ ದಾಖಲೆಯಲ್ಲಿ ಒಂದು ಸಾಲು ಬಿತ್ತು. ಆ ವಿಳಾಸಕ್ಕೇ ಹೊರಟಿದ್ದ ಒಂದು ಪೊಟ್ಟಣ. ಬಿಚ್ಚಿದರೆ ಒಳಗೆ dhondiba, ಅದರ ಪಕ್ಕದಲ್ಲಿ khalihatti114. ಶಾಲುಬಾಯಿಗೆ ಗೆದ್ದ ಖುಷಿ ಬರಲಿಲ್ಲ. ಇಷ್ಟು ಸಣ್ಣ ಕೆಲಸಕ್ಕೆ ಮೂರು ವಾರ ಹಾಳುಮಾಡಿದೆನಲ್ಲ ಎಂದುಕೊಂಡಳು.

ಸುಳ್ಳು ಪುಟದ ತಲೆಬರಹ ಬದಲಿಸಿ ಇನ್ನೊಮ್ಮೆ ಓಡಿಸಿದಳು. ನಲವತ್ತೈದು ನಿಮಿಷವಾದರೂ ಏನೂ ಹೋಗಲಿಲ್ಲ. ಮೂರು ಪದ ತಿರುಗಿ ಹಾಕಿದಾಗ ಮತ್ತೆ ಹೋಯಿತು. ಇನ್ನು ಯಾರೂ ಅಲ್ಲಗಳೆಯುವಂತಿರಲಿಲ್ಲ.

ರಶೀದ ಅಹ್ಮದ ಕನ್ನಡಕ ಒರೆಸಿಕೊಂಡರು. "ಶಾಬಾಸ್. ಈಗ ಹಿಂಗ ಬರಿ: 'ಹೆಚ್ಚುವರಿ ಪರೀಕ್ಷೆಯಿಂದ ಹೊಸ ಅಂಶ ತಿಳಿದುಬಂದಿದೆ.' ಮೊದಲಿನ ವರದಿ ಸುದ್ದಿ ಎತ್ತಬೇಡ. ಕಾಲೇಜಿನ ಮೊಹರು ಅದ ಅದರ ಮ್ಯಾಲ."

"ಮೊದಲಿನ ವರದಿ ತಪ್ಪು ಅಂತ ಬರೀತೇನಿ ಸರ್."

"ತಪ್ಪು ಎಲ್ಲಿ ಅದ? ಕಂಡುಬಂದಿಲ್ಲ ಅಂತ ಬರ್ದಿದ್ವಿ. ಅವತ್ತು ಕಂಡಿರ್ಲಿಲ್ಲ."

"ಎಷ್ಟು ನೋಡಿದ್ವಿ ಅಂತ ಬರ್ದಿಲ್ಲ ಸರ್! ಹತ್ತೇ ನಿಮಿಷ, ಕನ್ನಡದ ಒಂದಕ್ಷರ ಇಲ್ಲದ ಕಂಪ್ಯೂಟರದಾಗ, ಅಂತ ಬರ್ದಿದ್ರ ಯಾರೂ ಅವನ್ನ ಕಳ್ಳ ಅಂತಿದ್ದಿಲ್ಲ. ನಾವು ಕಣ್ಣು ಮುಚ್ಕೊಂಡು, ಏನೂ ಇಲ್ಲ ಅಂದ್ವಿ. ಹೆಚ್ಚುವರಿ ಅಂದ್ರ ಮೊದಲಿಂದು ಸರಿ ಇತ್ತು ಅಂತ ಆಗ್ತದ. ಅದು ಸರಿ ಇರ್ಲಿಲ್ಲ."

ಲ್ಯಾಬಿನಲ್ಲಿ ಅವಳು ಗುರುಗಳಿಗೆ ಎದುರಾಡಿದ್ದು ಅದೇ ಮೊದಲು. ಬೇಸಗೆಯ ರಜೆಗೆ ಮುಂಚೆ ಅವರೇ ಅವಳ ಪ್ರಾಜೆಕ್ಟಿಗೆ ಅಂಕ ಹಾಕಬೇಕಿತ್ತು. ಇಬ್ಬರಿಗೂ ಅದು ನೆನಪಿತ್ತು. ರಶೀದ ಅಹ್ಮದ ಬಿರುಸಾಗಿ ಎದ್ದು ಹೋದರು. ಸಂಜೆ ಅವಳ ಮೇಜಿನ ಮೇಲೆ ಅವಳು ಬರೆದಂತೆಯೇ ಇದ್ದ ವರದಿ ಸಿಕ್ಕಿತು. 'ನಮ್ಮ ಹಿಂದಿನ ವರದಿ ತಪ್ಪು. ಅದನ್ನು ಹಿಂಪಡೆಯುತ್ತೇವೆ' ಎಂಬ ಸಾಲಿನ ಕೆಳಗೆ ಅವರ ಸಹಿಯಿತ್ತು. ಮಾತಾಡಲು ಮಾತ್ರ ಅವರು ಬರಲಿಲ್ಲ.

ಶುಕ್ರವಾರ ಔರಾದಿನಲ್ಲಿ ವಿಚಾರಣಾಧಿಕಾರಿ ಹೊಸ ವರದಿಯ ಮೂರು ಪುಟ ಓದಿ ತಲೆಯೆತ್ತಿದರು. ಧೊಂಡಿಬಾ ಮೂಲೆಯಲ್ಲಿ ನಿಂತಿದ್ದ. ಕುರ್ಚಿಯಿದ್ದರೂ ಯಾರೂ ಕೂರು ಎಂದಿರಲಿಲ್ಲ.

"ಎಲ್ಲಾ ಸರಿ. ಆದ್ರ ಆಂಟಿವೈರಸ್ ಬಂದ್ ಮಾಡಿದ್ದು ಇವನೇ ಅಲ್ಲೇನು?"

"ನಮ್ಮ ಅಪ್ಪನೂ ಮಾಡ್ಯಾನ್ರಿ," ಎಂದಳು ಶಾಲುಬಾಯಿ. "ಕನ್ನಡ ಟೈಪ್ ಮಾಡೋರು ಎಲ್ಲಾರೂ ಮಾಡ್ತಾರ. ನಿಮ್ಮ ಆಫೀಸಿನ ಟೈಪಿಸ್ಟಿಗಿ ಈಗೇ ಕರ್ದು ಕೇಳ್ರಿ."

ಅಧಿಕಾರಿ ಟೈಪಿಸ್ಟನನ್ನು ಕರೆಯಲಿಲ್ಲ. ಗಂಟಲು ಸರಿಮಾಡಿಕೊಂಡು, ಪಂಚಾಯಿತಿಗಳ ಕಂಪ್ಯೂಟರುಗಳನ್ನೆಲ್ಲ ಪರೀಕ್ಷೆಗೆ ಕಳಿಸುವಂತೆಯೂ, ಧೊಂಡಿಬಾನ ಅಮಾನತು ತೆರವಿಗೆ ಬರೆಯುವಂತೆಯೂ, ಅಳಿಸಿದ ನೂರ ಹದಿನಾಲ್ಕು ಹೆಸರನ್ನು ಅವತ್ತೇ ತಿರುಗಿ ಏರಿಸಿ ಸೋಮವಾರದಿಂದ ಕೆಲಸ ಕೊಡುವಂತೆಯೂ ಹೇಳಿದರು. ಆ ವಿಳಾಸದ ಬೆನ್ನು ಹತ್ತುವ ಕೆಲಸ ಪೊಲೀಸರಿಗೆ ಬಿತ್ತು.

ಹೊರಗೆ ಬೇವಿನ ಮರದ ಕೆಳಗೆ ಭೀಮಬಾಯಿ ಕಾಯುತ್ತಿದ್ದಳು. ಧೊಂಡಿಬಾ ಏನೋ ಹೇಳಲು ಹೋಗಿ ಅತ್ತುಬಿಟ್ಟ. ಅವಳು ಗಂಡನ ಕಡೆ ಒಮ್ಮೆ ನೋಡಿ, ಸೆರಗಿನ ಗಂಟಿನಿಂದ ಮೊಬೈಲು ತೆಗೆದು, ಒಂದು ನಂಬರು ಒತ್ತಿ ಶಾಲುಬಾಯಿಯ ಮುಂದೆ ಹಿಡಿದಳು.

"ನಮ್ಮಣ್ಣ. ನಾ ಹೇಳಿದ್ರ ನಂಬಂಗಿಲ್ಲ. ನೀವೇ ಹೇಳ್ರಿ."

ಆ ಕಡೆಯಿಂದ ಕಾಂಕ್ರೀಟ್ ಕಲೆಸುವ ಯಂತ್ರದ ಸದ್ದು. ಅದರ ನಡುವೆ ಒಂದು ದಣಿದ ದನಿ. ಶಾಲುಬಾಯಿ ತಾನು ಯಾರೆಂದು ಹೇಳಿದಳು. ಹೆಸರು ಅಳಿಸಿದ್ದು ಧೊಂಡಿಬಾ ಅಲ್ಲ, ಅವನ ಪಾಸ್‌ವರ್ಡು ಕದ್ದಿದ್ದರು, ತನ್ನ ಮೊದಲಿನ ವರದಿ ತಪ್ಪಿತ್ತು, ಇವತ್ತೇ ಎಲ್ಲರ ಹೆಸರೂ ತಿರುಗಿ ಬರುತ್ತದೆ, ಸೋಮವಾರದಿಂದ ಕೆರೆಯ ಕೆಲಸ ಸುರುವಾಗುತ್ತದೆ ಎಂದು ಹೇಳಿದಳು. ಒಂದೇ ಉಸಿರಿಗೆ ಹೇಳಿದಳು.

ಹಣಮಂತಪ್ಪ 'ಹೂಂ' ಎಂದ. ಯಂತ್ರ ತಿರುಗುತ್ತಲೇ ಇತ್ತು.

"ಧೊಂಡಿಬಾಗ ಹೇಳ್ರಿ, ನಾ ಮಾಡಿದ್ದು ತಪ್ಪಾತು ಅಂತ. ಹೊಸ್ತಿಲು ತೊಳೀತೇನಿ ಊರಿಗಿ ಬಂದಾಗ," ಎಂದ. ಆಮೇಲೆ ಕೇಳಿದ, "ಮೊದಲನೇ ಸಲ ಎಷ್ಟೊತ್ತು ನೋಡಿದ್ರಿ ಬಾಯಿ ನೀವು?"

ಶಾಲುಬಾಯಿ ಭೀಮಬಾಯಿಯ ಮುಖ ನೋಡಿದಳು. ಭೀಮಬಾಯಿ ಮೊಬೈಲನ್ನು ಹಿಂತೆಗೆಯಲಿಲ್ಲ.

"ಹತ್ತು ನಿಮಿಷ," ಎಂದಳು.

"ಇಲ್ಲಿ ಮೇಸ್ತ್ರಿ ಕಡಿಂದ ಮೂರು ತಿಂಗಳಿನ ಕೂಲಿ ಮೊದ್ಲೇ ಉಚಲ್ ತಗೊಂಡೇನಿ. ಅದು ಮುರಿಯೂತನಕ ಬಿಡಂಗಿಲ್ಲ," ಎಂದ ಹಣಮಂತಪ್ಪ. ದನಿಯಲ್ಲಿ ಸಿಟ್ಟೂ ಇರಲಿಲ್ಲ. "ನನ್ನ ಮಗಳ ಹತ್ತನೇತ್ತಾ ಪರೀಕ್ಷಾ ಹೋದ ವಾರ ಮುಗೀತು. ಆಕಿ ಬರೀಲಿಲ್ಲ, ಇಲ್ಲೇ ಇಟ್ಟಂಗಿ ಹೊರ್ಲಾಕತ್ತಾಳ."